ದುಡ್ಡು ಹೋಯ್ತು, ಕರೆನ್ಸಿ ಬರಲಿಲ್ಲ: ಅರ್ಧ ದಾರಿಗಷ್ಟೇ ಗಡಿಯಾರ ಯಾಕೆ?

2025ರ ಏಪ್ರಿಲ್ 12, ಶನಿವಾರ. ದೇಶದ ತುಂಬಾ ಯುಪಿಐ ಕೈಕೊಟ್ಟ ದಿನ ಅಂದ್ರೆ ಹಲವರಿಗೆ ನೆನಪಾಗಬಹುದು. ಕ್ಯಾಂಟೀನಲ್ಲಿ ಟೀ ಕುಡಿದು ದುಡ್ಡು ಕೊಡೋಕಾಗದೆ ನಿಂತವರು ನಮ್ಮಲ್ಲೂ ಇದ್ದಾರೆ. ಅವತ್ತು ಮಧ್ಯಾಹ್ನ ನಾನು ಕೆ.ಆರ್. ಪುರದ ರೂಮಲ್ಲಿ ಕೂತು, ಹಲಸೂರಿನಲ್ಲಿರೋ ನಮ್ಮ ಅಜ್ಜಿಯ ನಂಬರಿಗೆ 299 ರೂಪಾಯಿ ರೀಚಾರ್ಜ್ ಮಾಡೋಕೆ ಹೊರಟೆ. ಪಿನ್ ಹಾಕಿದೆ. ಬ್ಯಾಂಕಿನಿಂದ ದುಡ್ಡು ಕಟ್ ಆದ ಮೆಸೇಜ್ ಬಂತು. ಆಪ್‌ನಲ್ಲಿ ಮಾತ್ರ ಹಳದಿ ಬಣ್ಣದ ಚಕ್ರ ತಿರುಗ್ತಾ "Processing" ಅಂತ ನಿಂತಿತ್ತು. ಅಜ್ಜಿ ಫೋನಿಗೆ ಏನೂ ಬರಲಿಲ್ಲ.

ಅಜ್ಜಿ ಒಬ್ಬರೇ ಇರೋದು. ಬಟನ್ ಫೋನು. ಬಿಪಿ ಮಾತ್ರೆ ಮುಗಿದ್ರೆ ಮೆಡಿಕಲ್‌ಗೆ, ತಲೆ ತಿರುಗಿದ್ರೆ ಪಕ್ಕದ ಬೀದಿಯ ಚಿಕ್ಕಮ್ಮನಿಗೆ, ಎರಡಕ್ಕೂ ಅದೇ ಫೋನು. ಪ್ಯಾಕ್ ಅವತ್ತೇ ರಾತ್ರಿ ಮುಗಿಯೋದಿತ್ತು. ಮುಂಚೆ ಅವರು ತಿಂಗಳಿಗೊಮ್ಮೆ ತಾವೇ ಅಂಗಡಿಗೆ ನಡ್ಕೊಂಡು ಹೋಗಿ "ಕರೆನ್ಸಿ ಹಾಕಪ್ಪ" ಅಂತ ಹಾಕಿಸ್ಕೊಂಡು ಬರ್ತಿದ್ರು. "ಬಿಸಿಲಲ್ಲಿ ಯಾಕೆ ಹೋಗ್ತೀರ, ನಾನು ಇಲ್ಲಿಂದಲೇ ಎರಡು ನಿಮಿಷದಲ್ಲಿ ಹಾಕ್ತೀನಿ" ಅಂತ ಆ ಅಭ್ಯಾಸ ಬಿಡಿಸಿದ್ದು ನಾನೇ. ಹಾಗಾಗಿ ಆ ಹಳದಿ ಚಕ್ರ ನೋಡ್ತಾ ಕೂತಾಗ ನನಗೆ ಆಗಿದ್ದು ಬರೀ ಸಿಟ್ಟಲ್ಲ, ನಾಚಿಕೆ ಕೂಡ.

ಆ 299 ರೂಪಾಯಿ ವಾಪಸ್ ಬರೋಕೆ 11 ದಿನ ಹಿಡೀತು. ಆ 11 ದಿನದಲ್ಲಿ ದುಡ್ಡು ಎಲ್ಲಿತ್ತು, ಅದನ್ನ ಹೇಗೆ ಹಿಂಬಾಲಿಸಿದೆ, ಎಲ್ಲಿ ತಪ್ಪು ತಿಳ್ಕೊಂಡಿದ್ದೆ ಅಂತ ಹೇಳೋಕೆ ಇದನ್ನ ಬರೀತಿದ್ದೀನಿ. ಕೊನೆಗೆ ನನ್ನದೊಂದು ತಕರಾರೂ ಇದೆ.

ಮೊದಲು ಒಂದು ವಿಷಯ. ನಾವು "ರೀಚಾರ್ಜ್ ಮಾಡಿದೆ" ಅಂತ ಒಂದೇ ಮಾತಲ್ಲಿ ಹೇಳ್ತೀವಿ. ಆದರೆ ಒಳಗೆ ನಡೆಯೋದು ಎರಡು ಬೇರೆ ಬೇರೆ ಕೆಲಸ. ಮೊದಲನೇದು ದುಡ್ಡಿನ ದಾರಿ: ನಮ್ಮ ಬ್ಯಾಂಕಿನಿಂದ ಹೊರಟು, ಎನ್‌ಪಿಸಿಐ ನಡೆಸೋ ಯುಪಿಐ ವ್ಯವಸ್ಥೆಯ ಮೂಲಕ, ಆಪ್‌ನ ವ್ಯಾಪಾರಿ ಖಾತೆ ಇರೋ ಬ್ಯಾಂಕಿಗೆ ಹೋಗಿ, "ದುಡ್ಡು ಬಂತು" ಅನ್ನೋ ದೃಢೀಕರಣ ಆಪ್‌ಗೆ ತಲುಪೋವರೆಗೆ. ಎರಡನೇದು ರೀಚಾರ್ಜಿನ ದಾರಿ: ಆ ದೃಢೀಕರಣ ಸಿಕ್ಕ ಮೇಲೆ ಆಪ್ ಟೆಲಿಕಾಂ ಕಂಪನಿಗೆ "ಈ ನಂಬರಿಗೆ ಈ ಪ್ಯಾಕ್ ಹಾಕು" ಅಂತ ಹೇಳಿ, ಕಂಪನಿ ಪ್ಯಾಕ್ ಹಾಕಿ, ನಮ್ಮ ಫೋನಿಗೆ ಎಸ್ಸೆಮ್ಮೆಸ್ ಕಳಿಸೋವರೆಗೆ. ದುಡ್ಡು ಕಟ್ ಆಗಿ ಕರೆನ್ಸಿ ಬರಲಿಲ್ಲ ಅಂದ್ರೆ, ಈ ಎರಡರಲ್ಲಿ ಒಂದು ಕಡೆ ಸಿಕ್ಕಿಕೊಂಡಿದೆ ಅಂತ ಅರ್ಥ. ಯಾವ ಕಡೆ ಅನ್ನೋದರ ಮೇಲೆ ಯಾರನ್ನ ಕೇಳಬೇಕು, ಎಷ್ಟು ದಿನ ಕಾಯಬೇಕು, ಯಾವ ನಿಯಮ ನಮ್ಮ ಜೊತೆಗಿದೆ ಅನ್ನೋದೆಲ್ಲ ಬದಲಾಗುತ್ತದೆ. ನನಗೆ ಇದು ಗೊತ್ತಿರಲಿಲ್ಲ, ಅದಕ್ಕೇ ಒಂದು ವಾರ ತಪ್ಪು ಬಾಗಿಲು ತಟ್ಟಿದೆ.

ಅವತ್ತು ಮಾಡಿದ ಮೊದಲ ತಪ್ಪು, ರಿಫ್ರೆಶ್ ಒತ್ತಿದ್ದೇ ಒತ್ತಿದ್ದು. ಡಿಬಿಎಂಎಸ್ ಕ್ಲಾಸಲ್ಲಿ ಕಮಿಟ್, ರೋಲ್‌ಬ್ಯಾಕ್ ಅಂತ ಓದೋವಾಗ ಎಲ್ಲಾ ಚೆನ್ನಾಗಿರುತ್ತೆ, ಯಾಕಂದ್ರೆ ಡೇಟಾಬೇಸ್ ಒಂದೇ. ಇಲ್ಲಿ ನಾಲ್ಕೈದು ಸಂಸ್ಥೆಗಳ ಬೇರೆ ಬೇರೆ ಸರ್ವರ್ ಇವೆ. ಒಬ್ಬರು ಇನ್ನೊಬ್ಬರಿಗೆ ಪ್ರಶ್ನೆ ಕಳಿಸಿ, ಉತ್ತರ ಬರೋಷ್ಟರಲ್ಲಿ ಟೈಮ್‌ಔಟ್ ಆದ್ರೆ, ಕೆಲಸ ಆಗಿದೆಯೋ ಇಲ್ಲವೋ ಕೇಳಿದವರಿಗೆ ಗೊತ್ತಾಗೋದೇ ಇಲ್ಲ. ಟೈಮ್‌ಔಟ್ ಅಂದ್ರೆ "ಆಗಲಿಲ್ಲ" ಅಂತಲ್ಲ, "ಗೊತ್ತಿಲ್ಲ" ಅಂತ. ಹಳದಿ ಚಕ್ರದ ನಿಜವಾದ ಅರ್ಥ ಅಷ್ಟೇ. ಆಗ ಆಪ್ ಮತ್ತೆ ಮತ್ತೆ "ಆ ಪಾವತಿ ಏನಾಯ್ತು?" ಅಂತ ಕೇಳುತ್ತೆ. ತಮಾಷೆ ಅಂದ್ರೆ, ಏಪ್ರಿಲ್ 12ರ ಗಲಾಟೆಗೆ ಇಂಥ ಪ್ರಶ್ನೆಗಳ ಪ್ರವಾಹವೇ ಕಾರಣ ಅಂತ ಆಮೇಲೆ ಎನ್‌ಪಿಸಿಐ ಪರಿಶೀಲನೆಯಲ್ಲಿ ಗೊತ್ತಾಯ್ತು. ಕೆಲವು ಬ್ಯಾಂಕುಗಳ ಕಡೆಯಿಂದ, ಹಳೇ ಪಾವತಿಗಳ ಬಗ್ಗೆಯೂ, ಸ್ಟೇಟಸ್ ವಿಚಾರಣೆ ಲೆಕ್ಕವಿಲ್ಲದಷ್ಟು ಬಂದು ವ್ಯವಸ್ಥೆ ಕುಸಿದಿತ್ತು. ಒಂದು ಪಾವತಿಯ ಸ್ಟೇಟಸ್ಸನ್ನು ಗರಿಷ್ಠ ಮೂರು ಸಲ, ಸಾಧ್ಯವಾದಷ್ಟು ಎರಡು ಗಂಟೆಯೊಳಗೆ ಕೇಳಿ ಮುಗಿಸಿ ಅಂತ ಆಮೇಲೆ ಮಿತಿ ಬಿಗಿ ಮಾಡಿದರು. ಅಂದ್ರೆ ನಾನು ಕೂತು ಅರ್ಧ ಗಂಟೆ ಬೆರಳಾಡಿಸಿದ್ದರಿಂದ ಯಾವ ಉಪಯೋಗವೂ ಇರಲಿಲ್ಲ.

ಎರಡನೇ ತಪ್ಪು ಮಾಡೋದ್ರಲ್ಲಿದ್ದೆ. ಅದೇ ಆಪ್‌ನಲ್ಲಿ ಇನ್ನೊಂದು ಸಲ 299 ಹಾಕೋಣ ಅಂತ. ಅದಕ್ಕೆ ಮುಂಚೆ ಅಜ್ಜಿ ಫೋನ್ ಮಾಡಿ "ನೀನು ಸುಮ್ನಿರು, ಅಂಗಡಿಗೆ ಹೋಗೋಣ ಬಾ" ಅಂದ್ರು. ಕೆ.ಆರ್. ಪುರ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ ಹಲಸೂರಲ್ಲಿ ಇಳಿದೆ. ಅಜ್ಜಿ ಆಗಲೇ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ರು.

ಅಂಗಡಿಯ ಭಾಯ್ ನನ್ನ ಕಥೆ ಕೇಳಿ ನಕ್ಕರು. "ತಮ್ಮಾ, ನಮ್ಮ ದುಡ್ಡೂ ಹೀಗೇ ಸಿಕ್ಕಿಕೊಳ್ಳುತ್ತೆ. ನಮಗೆ ಕಸ್ಟಮರ್ ಎದುರಿಗೇ ನಿಂತಿರ್ತಾರೆ, ನಿಂಗೆ ಅದೂ ಇಲ್ಲ." ಅವರು ವಿತರಕರಿಗೆ ಮೊದಲೇ ದುಡ್ಡು ಕೊಟ್ಟು ಬ್ಯಾಲೆನ್ಸ್ ಹಾಕಿಸಿಕೊಂಡಿರ್ತಾರೆ, ಪ್ರತಿ ರೀಚಾರ್ಜಿಗೂ ಅದರಿಂದ ಕಳೆಯುತ್ತೆ. ಬ್ಯಾಲೆನ್ಸ್ ಕಳೆದು ಗಿರಾಕಿಗೆ ಮೆಸೇಜ್ ಬರದೇ ಇದ್ರೆ ಅವರದ್ದೊಂದು ಪದ್ಧತಿ ಇದೆ: ನೋಟ್‌ಬುಕ್ಕಲ್ಲಿ ನಂಬರ್, ಮೊತ್ತ, ಟೈಮ್ ಬರೀತಾರೆ, ಹಿಂದಿನದ್ದು ಆಯ್ತೋ ಇಲ್ವೋ ಅಂತ ಖಚಿತ ಆಗೋವರೆಗೆ ಅದೇ ನಂಬರಿಗೆ ಎರಡನೇ ಸಲ ಹಾಕಲ್ಲ. "ಎರಡನೇದು ಹಾಕಿದ ತಕ್ಷಣ ಮೊದಲನೇದು ಬರುತ್ತೆ, ಆಮೇಲೆ ಯಾರೂ ವಾಪಸ್ ಕೊಡಲ್ಲ" ಅಂದ್ರು. ಈ ಮಾತು ಪೂರ್ತಿ ಟೆಕ್ನಿಕಲ್ ಸತ್ಯ. ನಾವು ಮತ್ತೆ ಪಾವತಿ ಮಾಡಿದ್ರೆ ಅದಕ್ಕೆ ಹೊಸ ನಂಬರ್ ಹುಟ್ಟುತ್ತೆ. ಅದು ಹಳೇದರ ಎರಡನೇ ಪ್ರಯತ್ನ ಅಂತ ಯಾವ ಸರ್ವರಿಗೂ ಗೊತ್ತಾಗಲ್ಲ. ಎರಡೂ ಸಕ್ಸಸ್ ಆದ್ರೆ ವ್ಯವಸ್ಥೆಯ ಪ್ರಕಾರ ನಾವು ಬೇಕು ಅಂತಲೇ ಎರಡು ಪ್ಯಾಕ್ ಕೊಂಡಿದ್ದೀವಿ.

"ಎರಡಾದ್ರೂ ಆಗಲಿ, ರಾತ್ರಿ ಫೋನಿರಬೇಕು" ಅಂತ ಅಜ್ಜಿ ತೀರ್ಮಾನ ಮಾಡಿದ್ರು. ಸೊಂಟದ ಚೀಲದಿಂದ 300 ತೆಗೆದು ಕೊಟ್ರು. ಅರ್ಧ ನಿಮಿಷದಲ್ಲಿ ಮೆಸೇಜ್ ಬಂತು. ಭಾಯ್ ಒಂದು ರೂಪಾಯಿ ಚಿಲ್ಲರೆ ವಾಪಸ್ ಕೊಟ್ರು. ನನ್ನ 299 ಎಲ್ಲಿದೆಯೋ ಗೊತ್ತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡ್ತೀನಿ. "ಬಂದಿಲ್ಲ" ಅನ್ನೋ ಮುಂಚೆ ನಿಜವಾಗಿ ಬಂದಿಲ್ವಾ ನೋಡಬೇಕು. ಹಳೇ ಪ್ಯಾಕ್ ಇನ್ನೂ ಬಾಕಿ ಇರೋವಾಗ ಹೊಸದು ಹಾಕಿದ್ರೆ, ಎಷ್ಟೋ ಸಲ ಅದು ಸರದಿಯಲ್ಲಿ ಕಾಯುತ್ತಾ ಇರುತ್ತೆ. ವ್ಯಾಲಿಡಿಟಿ ದಿನಾಂಕ ಬದಲಾಗಲ್ಲ, ಆದರೆ ಕಂಪನಿಯ ಆಪ್‌ನಲ್ಲಿ ಮುಂದಿನ ಪ್ಲಾನ್ ಅಂತ ಕಾಣುತ್ತೆ. ಇನ್ನು 100 ರೂಪಾಯಿ ಟಾಪ್‌ಅಪ್ ಹಾಕಿ 81.75 ಬಂದ್ರೆ ಅದೂ ಕಳ್ಳತನ ಅಲ್ಲ: 100ರಲ್ಲಿ 18% ಜಿಎಸ್‌ಟಿ ಸೇರಿರುತ್ತೆ, ಅದನ್ನ ತೆಗೆದ್ರೆ 84.75, ಅದರಲ್ಲಿ 3 ರೂಪಾಯಿ ಪ್ರೊಸೆಸಿಂಗ್ ಶುಲ್ಕ ಹೋದ್ರೆ ಉಳಿಯೋದು ಅಷ್ಟೇ. ಮತ್ತೆ, ನಂಬರ್ ಒಂದು ಅಂಕಿ ತಪ್ಪಾಗಿ ಬೇರೆಯವರ ಫೋನಿಗೆ ಹೋಗಿದ್ರೆ ಅದು ಸಕ್ಸಸ್ ಆದ ರೀಚಾರ್ಜ್, ಆ ದುಡ್ಡು ವಾಪಸ್ ಬರೋದು ಬಹಳ ಕಷ್ಟ. ಈ ಮೂರೂ ಅಲ್ಲ ಅಂತ ಆದ ಮೇಲೆ ಹುಡುಕಾಟ ಶುರು.

ಹುಡುಕೋಕೆ ಬೇಕಾಗಿರೋದು ನಂಬರುಗಳು. ಮೊದಲನೇದು ಬ್ಯಾಂಕಿನ ಮೆಸೇಜಲ್ಲೂ ಸ್ಟೇಟ್‌ಮೆಂಟಲ್ಲೂ ಇರೋ 12 ಅಂಕಿಯ "UPI Ref No", ಕೆಲವು ಕಡೆ "UTR" ಅಂತಿರುತ್ತೆ. ದುಡ್ಡಿನ ದಾರಿಯಲ್ಲಿರೋ ಎಲ್ಲಾ ಬ್ಯಾಂಕಿಗೂ ಅರ್ಥ ಆಗೋ ನಂಬರ್ ಇದೊಂದೇ. ಇದರಲ್ಲಿ ಒಂದು ಚೆಂದ ಇದೆ. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೇ ಅಂಕಿ, ಮುಂದಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅನ್ನೋದು. ನನ್ನದು 5102 ಅಂತ ಶುರುವಾಗಿತ್ತು. 31+28+31+12 ಕೂಡಿ ನೋಡಿ, 102. ಅಂದ್ರೆ 2025ರ 102ನೇ ದಿನ, ಏಪ್ರಿಲ್ 12. ಎರಡನೇದು ಆಪ್ ಕೊಡೋ "Order ID" ಅಥವಾ "Transaction ID". ಇದು ಆಪ್‌ನವರಿಗೆ ಮಾತ್ರ ಗೊತ್ತು, ಬ್ಯಾಂಕಿಗೆ ಹೇಳಿದ್ರೆ ಕಣ್ಣುಕಣ್ಣು ಬಿಡ್ತಾರೆ. ಮೂರನೇದು "Operator Ref". ಇದು ಟೆಲಿಕಾಂ ಕಂಪನಿ ರೀಚಾರ್ಜ್ ಒಪ್ಪಿಕೊಂಡ ಮೇಲೆ ಕೊಡೋ ನಂಬರ್. ನನ್ನ ರಸೀದಿಯಲ್ಲಿ ಮೊದಲ ಎರಡಿತ್ತು, ಮೂರನೇದರ ಜಾಗ ಖಾಲಿ. ಅದೇ ದೊಡ್ಡ ಸುಳಿವು, ನಾನು ಮಾತ್ರ ಗಮನಿಸಲಿಲ್ಲ.

ಯಾಕಂದ್ರೆ ನನ್ನ ತಲೇಲಿ ಬೇರೆ ಲೆಕ್ಕ ಓಡ್ತಿತ್ತು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ, ಆ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಯುಪಿಐನಲ್ಲಿ ವ್ಯಾಪಾರಿಗೆ ಕೊಟ್ಟ ದುಡ್ಡು ನಮ್ಮ ಖಾತೆಯಿಂದ ಕಟ್ ಆಗಿ, ವ್ಯಾಪಾರಿಯ ಕಡೆ ದೃಢೀಕರಣ ತಲುಪದೇ ಇದ್ರೆ, T+5 ದಿನದೊಳಗೆ ಅದು ತಾನಾಗಿಯೇ ವಾಪಸ್ ಬರಬೇಕು. T ಅಂದ್ರೆ ಪಾವತಿ ಮಾಡಿದ ದಿನ, ಎಣಿಸೋದು ಕ್ಯಾಲೆಂಡರ್ ದಿನ, ಭಾನುವಾರ ರಜೆ ಅಂತ ಬಿಡೋ ಹಾಗಿಲ್ಲ. ಅದಕ್ಕಿಂತ ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನಾವು ಕೇಳದೆಯೇ ಖಾತೆಗೆ ಹಾಕಬೇಕು. ಒಬ್ಬರಿಂದ ಒಬ್ಬರಿಗೆ ಕಳಿಸೋ ದುಡ್ಡಿಗೆ ಈ ಗಡುವು ಇನ್ನೂ ಕಮ್ಮಿ, T+1.

ಇದನ್ನ ಓದಿ ನಾನು ಖುಷಿಯಾಗಿದ್ದೆ. 12 ಪ್ಲಸ್ 5, ಏಪ್ರಿಲ್ 17. 18ರಿಂದ ದಿನಕ್ಕೆ ನೂರು. ರೂಮ್‌ಮೇಟ್ ಹತ್ರ "ತಡ ಆದಷ್ಟೂ ಒಳ್ಳೇದು ಮಗಾ" ಅಂತಲೂ ಅಂದಿದ್ದೆ. ಆಪ್‌ನ ಸಹಾಯ ವಿಭಾಗಕ್ಕೆ ಬರೆದಾಗಲೆಲ್ಲ "ಇನ್ನೂ 72 ಗಂಟೆ ಕಾಯಿರಿ" ಅನ್ನೋ ಅದೇ ಸಿದ್ಧ ಉತ್ತರ. 17 ಕಳೀತು. 18 ಗುಡ್ ಫ್ರೈಡೇ, ಬ್ಯಾಂಕಿಗೆ ರಜೆ. 19ರ ಶನಿವಾರ ಇಂದಿರಾನಗರದಲ್ಲಿರೋ ನನ್ನ ಬ್ಯಾಂಕಿನ ಶಾಖೆಗೆ ಸುತ್ತೋಲೆಯ ಪ್ರಿಂಟ್ ಹಿಡ್ಕೊಂಡೇ ಹೋದೆ.

ಕೌಂಟರಿನ ಮೇಡಂ ಆ 12 ಅಂಕಿ ಟೈಪ್ ಮಾಡಿ, ಸ್ಕ್ರೀನ್ ನೋಡಿ, ತುಂಬಾ ಸಮಾಧಾನವಾಗಿ ಹೇಳಿದ್ರು: "ಇದು ಫೇಲ್ ಆಗಿರೋ ಟ್ರಾನ್ಸಾಕ್ಷನ್ ಅಲ್ಲಪ್ಪ. ಇಲ್ಲಿಂದ ಹೋಗಿದೆ, ಆ ಕಡೆ ಜಮೆನೂ ಆಗಿದೆ. ಸಕ್ಸಸ್. ನೀನು ಹೇಳೋ ರೂಲು ಇದಕ್ಕೆ ಬರಲ್ಲ. ಅಂಗಡಿಯವನಿಗೆ ದುಡ್ಡು ಕೊಟ್ಟಿದ್ದೀಯ, ಅವನು ಸಾಮಾನು ಕೊಟ್ಟಿಲ್ಲ. ಅವನನ್ನೇ ಕೇಳಬೇಕು."

ಹೊರಗೆ ಬಂದು 100 ಅಡಿ ರಸ್ತೆ ಬದಿಯಲ್ಲಿ ನಿಂತು ಆಪ್ ತೆಗೆದು ಮತ್ತೆ ಓದಿದೆ. ಮೇಲೆ "Payment successful" ಅಂತ ಹಸಿರು ಟಿಕ್. ಅದರ ಕೆಳಗೆ "Recharge pending" ಅಂತ ಹಳದಿ. ಎರಡು ಸಾಲು, ಎರಡು ದಾರಿ. ಆರ್‌ಬಿಐನ ಗಡಿಯಾರ ಮೊದಲನೇ ಸಾಲಿಗೆ ಮಾತ್ರ. ಅದು ಹಸಿರಾದ ಕ್ಷಣ ಆ ಗಡಿಯಾರ ನಿಂತುಹೋಗುತ್ತೆ.

ಆ ಮೇಡಂ ಹೇಳಿದ್ದನ್ನ ನಾನು ಈಗ ಹೀಗೆ ವಿಂಗಡಿಸಿಕೊಂಡಿದ್ದೀನಿ. ಬ್ಯಾಂಕಲ್ಲಿ ಕಟ್ ಆಗಿ, ಆಪ್‌ನಲ್ಲಿ ಪಾವತಿಯೇ ಫೇಲ್ ಅಥವಾ ಪೆಂಡಿಂಗ್ ಅಂತಿದ್ರೆ, ದುಡ್ಡಿನ ದಾರಿಯಲ್ಲಿ ಸಿಕ್ಕಿದೆ: ಐದು ದಿನ ಕಾದು, ಬರದಿದ್ರೆ ಪಾವತಿ ಮಾಡಿದ ಆಪ್ ಮತ್ತು ನಮ್ಮ ಬ್ಯಾಂಕಿಗೆ 12 ಅಂಕಿಯ ನಂಬರ್ ಕೊಟ್ಟು ದೂರು ಕೊಡಬೇಕು, ದಿನಕ್ಕೆ ನೂರರ ಹಕ್ಕೂ ಇದೆ. ಪಾವತಿ ಸಕ್ಸಸ್, ರೀಚಾರ್ಜ್ ಪೆಂಡಿಂಗ್ ಅಥವಾ ಫೇಲ್ ಅಂತಿದ್ರೆ, ದುಡ್ಡು ರೀಚಾರ್ಜ್ ಮಾರಿದ ಆಪ್ ಹತ್ರ ಇದೆ: ಬ್ಯಾಂಕಿಗೆ ಓಡಿ ಪ್ರಯೋಜನ ಇಲ್ಲ. ಎರಡೂ ಸಕ್ಸಸ್, "Operator Ref" ಕೂಡ ಇದೆ, ಫೋನಿಗೆ ಮಾತ್ರ ಏನೂ ಬಂದಿಲ್ಲ ಅಂದ್ರೆ ಟೆಲಿಕಾಂ ಕಂಪನಿ ಉತ್ತರ ಹೇಳಬೇಕು.

ನಂದು ಎರಡನೇ ಗುಂಪು. ಆದರೆ ಆಪ್‌ನವರು "ಆಪರೇಟರ್ ಕಡೆ ಪೆಂಡಿಂಗ್" ಅಂತ ಬೆರಳು ತೋರಿಸ್ತಿದ್ರಲ್ಲ, ಅದನ್ನ ಪರೀಕ್ಷೆ ಮಾಡೋಕೆ ಅಜ್ಜಿ ಫೋನಿಂದ 198ಕ್ಕೆ ಕರೆ ಮಾಡಿದೆ. ಇದು ಟ್ರಾಯ್‌ನ 2012ರ ನಿಯಮದ ಪ್ರಕಾರ ಇರೋ ಉಚಿತ ದೂರು ಸಂಖ್ಯೆ. ದೂರು ಕೊಟ್ರೆ ಡಾಕೆಟ್ ನಂಬರ್ ಕೊಡಲೇಬೇಕು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಏಪ್ರಿಲ್ 12ರಂದು ಈ ನಂಬರಿಗೆ ಎಷ್ಟು ರೀಚಾರ್ಜ್ ಬಂದಿದೆ?" ಆ ಹುಡುಗಿ ನೋಡಿ ಹೇಳಿದಳು: "ಒಂದೇ ಸರ್, ಸಂಜೆ ಅಂಗಡಿಯಿಂದ." ಅಂದ್ರೆ ಮಧ್ಯಾಹ್ನದ್ದು ಕಂಪನಿಗೆ ತಲುಪೇ ಇಲ್ಲ. ಪೆಂಡಿಂಗ್ ಅನ್ನೋದೇ ಸುಳ್ಳು, ಆ ಆರ್ಡರ್ ಆಪ್‌ನಿಂದ ಹೊರಟೇ ಇರಲಿಲ್ಲ.

ಸೋಮವಾರ 21ಕ್ಕೆ ಆಪ್‌ಗೆ ಹೊಸದಾಗಿ ದೂರು ಬರೆದೆ. ಹಿಂದಿನ ದೂರುಗಳಲ್ಲಿ ಅಜ್ಜಿ ವಯಸ್ಸು, ನನ್ನ ಬೇಜಾರು ಎಲ್ಲಾ ಇತ್ತು, ನಂಬರ್ ಇರಲಿಲ್ಲ. ಈ ಸಲ ಐದೇ ಸಾಲು. ರೀಚಾರ್ಜ್ ಆಗಬೇಕಾಗಿದ್ದ ನಂಬರ್, ಮೊತ್ತ, ದಿನ ಮತ್ತು ಸಮಯ. "Order ID". 12 ಅಂಕಿಯ ನಂಬರ್, ಜೊತೆಗೆ "ನನ್ನ ಬ್ಯಾಂಕ್ ಪ್ರಕಾರ ದುಡ್ಡು ನಿಮ್ಮ ಖಾತೆಗೆ ಜಮೆಯಾಗಿದೆ" ಅನ್ನೋ ಮಾತು. 198ರ ಡಾಕೆಟ್ ನಂಬರ್, ಜೊತೆಗೆ "ಆಪರೇಟರ್ ಬಳಿ ಈ ರೀಚಾರ್ಜ್ ಬಂದಿಲ್ಲ" ಅನ್ನೋ ಮಾತು. ಕೊನೇ ಸಾಲು: "ರೀಚಾರ್ಜ್ ಬೇಡ, ದುಡ್ಡನ್ನು ಕಟ್ ಆದ ಖಾತೆಗೇ ವಾಪಸ್ ಕಳಿಸಿ." ಆ ಕೊನೇ ಸಾಲು ಸುಮ್ಮನೆ ಹಾಕಿದ್ದಲ್ಲ. ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಆರ್‌ಬಿಐ 2020ರ ಮಾರ್ಚಲ್ಲಿ ಕೊಟ್ಟು, ಆಗ ಜಾರಿಯಲ್ಲಿದ್ದ ಮಾರ್ಗಸೂಚಿ ಪ್ರಕಾರ, ಗ್ರಾಹಕ ಒಪ್ಪದ ಹೊರತು ರೀಫಂಡ್ ಯಾವ ದಾರಿಯಲ್ಲಿ ದುಡ್ಡು ಬಂತೋ ಅದೇ ದಾರಿಗೆ ಹೋಗಬೇಕಿತ್ತು. "ವ್ಯಾಲೆಟ್‌ಗೆ ಹಾಕಲಾ?" ಅಂತ ಕೇಳೋ ಬಟನ್ನನ್ನ ಅವಸರದಲ್ಲಿ ಒತ್ತಿದ್ರೆ, ನಾವು ಒಪ್ಪಿದ ಹಾಗೆ.

ಮಾರನೇ ದಿನ ಮೊದಲ ಸಲ ಮನುಷ್ಯರು ಬರೆದ ಹಾಗಿರೋ ಉತ್ತರ ಬಂತು. ಅವತ್ತು ಯುಪಿಐ ನಿಧಾನವಾಗಿತ್ತು. ನನ್ನ ಪಾವತಿಯ ದೃಢೀಕರಣ ಬರೋಷ್ಟರಲ್ಲಿ ಆಪ್‌ನಲ್ಲಿ ಆ ಆರ್ಡರಿನ ಅವಧಿ ಮುಗಿದಿತ್ತು. ದುಡ್ಡು ಬಂತು, ಆದರೆ ಅದನ್ನ ಕಾಯ್ತಾ ಇದ್ದ ಆರ್ಡರ್ ಆಗಲೇ ಸತ್ತಿತ್ತು. ಸತ್ತ ಆರ್ಡರಿಗೆ ಬಂದ ದುಡ್ಡನ್ನ ತಾನಾಗಿ ವಾಪಸ್ ಕಳಿಸಬೇಕಾಗಿತ್ತು, ಕಳಿಸಿರಲಿಲ್ಲ. ರೀಫಂಡ್ ಶುರು ಮಾಡಿದ್ದೀವಿ ಅಂದ್ರು. 23ಕ್ಕೆ 299 ಖಾತೆಗೆ ಬಂತು.

ಬಂದಿದ್ದನ್ನ ಹುಡುಕೋದ್ರಲ್ಲೂ ಒಂದು ಪಾಠ ಇತ್ತು. ನಾನು ಸ್ಟೇಟ್‌ಮೆಂಟಲ್ಲಿ 5102 ಅಂತ ಹುಡುಕಿದ್ರೆ ಹಳೇ ಕಡಿತ ಮಾತ್ರ ಸಿಗ್ತಿತ್ತು. ರೀಫಂಡ್ ಬಂದಿದ್ದು 5113 ಅಂತ ಶುರುವಾಗೋ ಹೊಸ ನಂಬರಲ್ಲಿ, 113ನೇ ದಿನ, ಏಪ್ರಿಲ್ 23. ದುಡ್ಡಿನ ದಾರಿಯಲ್ಲೇ ಕೆಟ್ಟು ತಿರುಗಿ ಬಂದ ದುಡ್ಡು ಸಾಮಾನ್ಯವಾಗಿ ಹಳೇ ನಂಬರಿನಲ್ಲೇ ಬರುತ್ತೆ. ಆದರೆ ವ್ಯಾಪಾರಿ ಕೊಡೋ ರೀಫಂಡ್ ರೋಲ್‌ಬ್ಯಾಕ್ ಅಲ್ಲ, ಅದು ಉಲ್ಟಾ ದಿಕ್ಕಿನ ಇನ್ನೊಂದು ಪಾವತಿ. ಎಷ್ಟೋ ಸಲ ಅದಕ್ಕೆ ಅದರದ್ದೇ ನಂಬರ್ ಇರುತ್ತೆ. "ರೀಫಂಡ್ ಆಗಿದೆ" ಅಂತ ಹೇಳಿದ್ರೆ ಆ ರೀಫಂಡಿನ 12 ಅಂಕಿ ಕೇಳಿ. ಅದು ಸಿಕ್ಕಿದ್ರೆ ಬ್ಯಾಂಕಲ್ಲಿ ಹುಡುಕಬಹುದು. ಅದು ಕೊಡೋಕಾಗಲ್ಲ ಅಂದ್ರೆ ಬಹುಶಃ ರೀಫಂಡ್ ಇನ್ನೂ ಹೊರಟಿಲ್ಲ.

ಇನ್ನೊಂದು ಮಾತು ಹೇಳದೇ ಇರೋಕಾಗಲ್ಲ. ಈ ಕಾಯೋ ದಿನಗಳಲ್ಲೇ ಜನ ಮೋಸ ಹೋಗೋದು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದ್ರೆ ನಕಲಿ ನಂಬರುಗಳೂ ಸಿಗ್ತವೆ. ಅವರು "ರೀಫಂಡ್ ಕಳಿಸ್ತೀವಿ, ಪಿನ್ ಹಾಕಿ" ಅಂತಾರೆ. ದುಡ್ಡು ಬರೋಕೆ ಪಿನ್ ಬೇಕಾಗಲ್ಲ, ಹೋಗೋಕೆ ಮಾತ್ರ ಬೇಕು. ಸ್ಕ್ರೀನ್ ತೋರಿಸಿ ಅನ್ನೋರಿಗೂ ತೋರಿಸಬೇಡಿ. ದುಡ್ಡು ಹೋಗೇಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಈಗ ನನ್ನ ತಕರಾರು. ದುಡ್ಡಿನ ದಾರಿಗೆ ಗಡಿಯಾರ ಇದೆ, ದಂಡ ಇದೆ. ಅದು ಸಿಗದಿದ್ರೆ ಮುಂದಿನ ಮೆಟ್ಟಿಲೂ ಸ್ಪಷ್ಟ: ಬ್ಯಾಂಕಿಗೋ ಆಪ್‌ಗೋ ದೂರು ಕೊಟ್ಟು 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ರೆ cms.rbi.org.in ನಲ್ಲಿ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೀಬಹುದು, ಖರ್ಚಿಲ್ಲ. ಟೆಲಿಕಾಂ ಕಡೆಯೂ ಮೆಟ್ಟಿಲಿದೆ: 198ರಲ್ಲಿ ಬಗೆಹರಿಯದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. 28 ದಿನದ ಪ್ಯಾಕ್ ವಿಷಯಕ್ಕೆ 39 ದಿನ! ಆದರೆ ಈ ಎರಡರ ಮಧ್ಯೆ ಒಂದು ಜಾಗ ಇದೆ, ದುಡ್ಡು ಆಪ್‌ಗೆ ತಲುಪಿ ರೀಚಾರ್ಜ್ ಹೊರಡದ ಜಾಗ. ನನ್ನ 299 ಕೂತಿದ್ದು ಅಲ್ಲೇ. ಅಲ್ಲಿ ದಿನಕ್ಕೆ ನೂರು ಇಲ್ಲ, ತಾನಾಗಿ ವಾಪಸ್ ಬರೋ T+5 ಇಲ್ಲ, "72 ಗಂಟೆ" ಅನ್ನೋದು ಅವರೇ ಬರ್ಕೊಂಡ ವಾಕ್ಯ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು ನಿಜ, ಆದರೆ 299 ರೂಪಾಯಿಗೆ ಅಷ್ಟು ದೂರ ಹೋಗೋರು ಎಷ್ಟು ಜನ?

ಆಪ್‌ನವರ ವಾದವೂ ನನಗೆ ಅರ್ಥ ಆಗುತ್ತೆ. ಅವಸರದಲ್ಲಿ ರೀಫಂಡ್ ಕೊಟ್ಟ ಮೇಲೆ ರೀಚಾರ್ಜ್ ತಡವಾಗಿ ಸಕ್ಸಸ್ ಆದ್ರೆ, ಗಿರಾಕಿಗೆ ದುಡ್ಡೂ ಸಿಕ್ತು, ಪ್ಯಾಕೂ ಸಿಕ್ತು. ಹಾಗಾಗಿ ಆಪರೇಟರ್ ಹತ್ರ ಖಚಿತ ಮಾಡ್ಕೊಳ್ಳೋಕೆ ಸಮಯ ಬೇಕು. ಸರಿ, ತಗೊಳ್ಳಿ. ಆದರೆ 198ರ ಹುಡುಗಿ ಒಂದು ನಿಮಿಷದಲ್ಲಿ ಹೇಳಿದ ಉತ್ತರಕ್ಕೆ ಐದು ದಿನ ಸಾಕಲ್ವಾ? ಬ್ಯಾಂಕುಗಳಿಗೂ ಇದೇ "ಆ ಕಡೆಯಿಂದ ಉತ್ತರ ಬಂದಿಲ್ಲ" ಅನ್ನೋ ಕಷ್ಟ ಇತ್ತು, ಈಗಲೂ ಇದೆ. ಆದರೂ 2019ರಲ್ಲಿ ಅವರ ಮೇಲೆ ಗಡುವು ಬಿತ್ತು. ಗಿರಾಕಿಗೆ ತನ್ನ ದುಡ್ಡು ಯಾವ ಸರ್ವರಲ್ಲಿ ನಿಂತಿದೆ ಅನ್ನೋದು ಮುಖ್ಯ ಅಲ್ಲ. ಅಜ್ಜಿ ಕೊಂಡಿದ್ದು ಯುಪಿಐ ದೃಢೀಕರಣ ಅಲ್ಲ, 28 ದಿನದ ಫೋನು. ಗಡಿಯಾರ ಓಡಬೇಕಾಗಿರೋದು ಪಿನ್ ಹಾಕಿದ ಕ್ಷಣದಿಂದ ಫೋನಿಗೆ ಕಂಪನಿಯ ಮೆಸೇಜ್ ಬರೋ ತನಕ, ಪೂರ್ತಿ ದಾರಿಗೆ. ಅದೇ T+5, ಅದೇ ದಿನಕ್ಕೆ ನೂರು, ಯಾರ ಕೈಯಲ್ಲಿ ದುಡ್ಡಿದೆಯೋ ಅವರ ಲೆಕ್ಕಕ್ಕೆ.

ಅದು ಆಗೋವರೆಗೆ ಕನಿಷ್ಠ ಒಂದು ಕೆಲಸ ಇವತ್ತೇ ಆಗಬಹುದು, ಅದಕ್ಕೆ ಕಾನೂನೂ ಬೇಡ. ನಮ್ಮಲ್ಲೇ ಎಷ್ಟೋ ಜನ ಇನ್ನೆರಡು ವರ್ಷದಲ್ಲಿ ಇಂಥ ಆಪ್‌ಗಳ ಕೋಡ್ ಬರೆಯೋರು. "Processing" ಅನ್ನೋ ಚಕ್ರದ ಜಾಗದಲ್ಲಿ ಎರಡು ಸಾಲು ಬರೀರಿ, ಕನ್ನಡದಲ್ಲೂ ಬರೀರಿ: "ನಿಮ್ಮ ದುಡ್ಡು ನಮ್ಮ ಹತ್ರ ಇದೆ. ಇಂಥಾ ದಿನಾಂಕದೊಳಗೆ ರೀಚಾರ್ಜ್ ಆಗದಿದ್ದರೆ ನಿಮ್ಮ ಖಾತೆಗೆ ವಾಪಸ್ ಬರುತ್ತದೆ." ಯಾರ ಹತ್ರ, ಯಾವತ್ತಿನೊಳಗೆ. ಇಷ್ಟು ಗೊತ್ತಿದ್ದಿದ್ರೆ ನಾನು ಒಂದು ವಾರ ಅಲೀತಿರಲಿಲ್ಲ.

ಅಜ್ಜಿ ಈಗ ಮತ್ತೆ ಭಾಯ್ ಅಂಗಡಿಗೇ ಹೋಗ್ತಾರೆ, ನಾನು ಬೇಡ ಅನ್ನಲ್ಲ. ಮೆಸೇಜ್ ಬಂದು, ಅದನ್ನ ಭಾಯ್ ಓದಿ ಹೇಳಿದ ಮೇಲೇ ಅವರು ಸೊಂಟದ ಚೀಲ ಬಿಚ್ಚೋದು.